ಭಕ್ತಿಗೆ ಅಂಕ ಕೊಡುವಾಗ: ಧಾರ್ಮಿಕತೆಯ ಸ್ಕೇಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ, ಪುಣೆ, ಗೋವಾದಲ್ಲಿ ಮನಃಶಾಸ್ತ್ರ ಓದುವ ನಮ್ಮ ಕನ್ನಡದ ಹುಡುಗ ಹುಡುಗಿಯರಲ್ಲಿ ಕೆಲವರಾದರೂ ಪ್ರತಿ ವರ್ಷ ಡಿಸರ್ಟೇಶನ್‌ಗೆ ಇದೇ ವಿಷಯ ಹಿಡಿಯುತ್ತಾರೆ. ಧಾರ್ಮಿಕತೆಗೂ ಮನಸ್ಸಿನ ನೆಮ್ಮದಿಗೂ ಸಂಬಂಧ ಇದೆಯಾ ಅಂತ. ಅಮೆರಿಕದ ಒಂದು ಸ್ಕೇಲ್ ತೆಗೆದುಕೊಂಡು, ರಜೆಯಲ್ಲಿ ಕನ್ನಡಕ್ಕೆ ಮಾಡಿ, ಡೊಂಬಿವ್ಲಿಯಲ್ಲೋ ವಾಸ್ಕೋದಲ್ಲೋ ಪರಿಚಯದ ಮನೆಗಳಿಗೆ ಹಂಚುತ್ತಾರೆ. ಆಮೇಲೆ ನನಗೆ ಫೋನ್ ಬರುತ್ತದೆ. ಪತ್ರ ಬರೆಯುವವರೂ ಇದ್ದಾರೆ. ಕೇಳುವುದು ಹೆಚ್ಚುಕಡಿಮೆ ಅದೇ ಹದಿನಾಲ್ಕು ಪ್ರಶ್ನೆ. ಅವರು ಕೇಳಿದ ಹಾಗೇ ಇಲ್ಲಿ ಹಾಕಿದ್ದೇನೆ.

## ಮೊದಮೊದಲು ಕೇಳುವುದು

ಭಕ್ತಿ ಅನ್ನೋದು ಒಳಗಿನ ವಿಷಯ ಅಲ್ವಾ? ಅದನ್ನ ಅಂಕಿಯಲ್ಲಿ ಅಳೆಯೋಕೆ ಆಗುತ್ತಾ?

ಭಕ್ತಿಯನ್ನು ಯಾರೂ ನೇರವಾಗಿ ಅಳೆಯುವುದಿಲ್ಲ. ಭಕ್ತಿಯ ಬಗ್ಗೆ ಜನ ಕೊಡುವ ಉತ್ತರವನ್ನು ಅಳೆಯುತ್ತಾರೆ. ಒಂದಿಷ್ಟು ವಾಕ್ಯ ಮುಂದಿಟ್ಟು, ಒಂದೊಂದಕ್ಕೂ ಎಷ್ಟು ಒಪ್ಪುತ್ತೀರಿ ಅಂತ 1ರಿಂದ 5ರವರೆಗೆ ಗುರುತು ಹಾಕಿಸಿ, ಕೂಡಿಸುತ್ತಾರೆ. ಇದರ ಹಿಂದೆ ಒಂದು ನಂಬಿಕೆ ಇದೆ: ಒಳಗೆ ಏನೋ ಜಾಸ್ತಿ ಇರುವವರು ಈ ವಾಕ್ಯಗಳನ್ನು ಜಾಸ್ತಿ ಒಪ್ಪುತ್ತಾರೆ ಅಂತ. ವಾಕ್ಯ ಬರೆದವರೂ ಉತ್ತರ ಕೊಡುವವರೂ ಒಂದೇ ತರಹದ ಬದುಕಿನವರಾದರೆ ಈ ನಂಬಿಕೆ ಬಹುಮಟ್ಟಿಗೆ ನಿಲ್ಲುತ್ತದೆ. ಬೇರೆ ಬೇರೆ ಬದುಕಿನವರಾದಾಗ, ಕಡಿಮೆ ಅಂಕ ಬಂದದ್ದು ಭಕ್ತಿ ಕಡಿಮೆ ಅಂತಲೋ, ವಾಕ್ಯ ಅವರದ್ದಲ್ಲ ಅಂತಲೋ ಗೊತ್ತಾಗುವುದಿಲ್ಲ. ಅಂಕಿ ಮಾತ್ರ ನೋಡಿದರೆ ಎರಡೂ ಒಂದೇ ತರಹ ಕಾಣುತ್ತವೆ.

ಎಲ್ಲರೂ ಹೇಳೋ ಆ 14 ವಾಕ್ಯದ ಸ್ಕೇಲ್ ಯಾವುದು? ಅಂಕ ಹೇಗೆ ಹಾಕ್ತಾರೆ?

ಅದರ ಮೂಲ 1967ರದ್ದು. ಗಾರ್ಡನ್ ಆಲ್‌ಪೋರ್ಟ್ ಮತ್ತು ಮೈಕೆಲ್ ರಾಸ್ ಅಮೆರಿಕದ ಚರ್ಚ್‌ಗಳಿಗೆ ಹೋಗುವವರ ಮೇಲೆ ಕೆಲಸ ಮಾಡಿ, ಧಾರ್ಮಿಕರಲ್ಲಿ ಎರಡು ಬಗೆ ಅಂದರು. ಒಬ್ಬರು ತಮ್ಮ ಧರ್ಮವನ್ನು ಬದುಕುತ್ತಾರೆ, ಇವರು ಅಂತರ್ಮುಖಿ ಬಗೆ. ಇನ್ನೊಬ್ಬರು ಧರ್ಮವನ್ನು ಬಳಸಿಕೊಳ್ಳುತ್ತಾರೆ, ಇವರು ಬಹಿರ್ಮುಖಿ ಬಗೆ. 1989ರಲ್ಲಿ ಗೋರ್ಸಚ್ ಮತ್ತು ಮ್ಯಾಕ್‌ಫರ್ಸನ್ ಅದನ್ನು ಪರಿಷ್ಕರಿಸಿ 14 ವಾಕ್ಯಕ್ಕೆ ತಂದರು. ಈಗ ನಮ್ಮ ವಿದ್ಯಾರ್ಥಿಗಳ ಕೈಯಲ್ಲಿ ಓಡಾಡುವುದು ಸಾಮಾನ್ಯವಾಗಿ ಇದೇ.

14ರಲ್ಲಿ 8 ವಾಕ್ಯ ಅಂತರ್ಮುಖಿ ಬಗೆಗೆ. ಹಾಗಾಗಿ ಆ ಅಂಕ 8ರಿಂದ 40ರವರೆಗೆ ಇರುತ್ತದೆ. ಉಳಿದ 6ರಲ್ಲಿ ಮೂರು ನೆಮ್ಮದಿ, ರಕ್ಷಣೆಗಾಗಿ ದೇವರ ಹತ್ತಿರ ಹೋಗುವುದರ ಬಗ್ಗೆ. ಮೂರು ಜನರನ್ನು ನೋಡಲು, ಗೆಳೆತನಕ್ಕೆ ಹೋಗುವುದರ ಬಗ್ಗೆ. ಈ ಮೂರು ಭಾಗವನ್ನೂ ಬೇರೆ ಬೇರೆ ಕೂಡಿಸಬೇಕು, 14ನ್ನೂ ಒಟ್ಟು ಮಾಡಿ ಒಂದೇ ಅಂಕ ಕೊಡಬಾರದು. ಅಂತರ್ಮುಖಿ 8ರಲ್ಲಿ ಮೂರು ವಾಕ್ಯ ತಿರುಗಿಸಿ ಬರೆದವು. ಒಪ್ಪಿದರೆ ಅಂಕ ಕಡಿಮೆ ಆಗುತ್ತದೆ, ಅಂದರೆ 5 ಹಾಕಿದರೆ 1 ಅಂತ ಲೆಕ್ಕ. ಈ ಮೂರನ್ನು ನೆನಪಿಟ್ಟುಕೊಳ್ಳಿ. ಮುಂದಿನ ಅರ್ಧ ತೊಂದರೆ ಇವುಗಳದ್ದೇ.

ಮೇಡಂ, ನನ್ನ ಆಲ್ಫಾ 0.85 ಬಂದಿದೆ. ಇನ್ನು ಸಿಂಧುತ್ವದ ಚಿಂತೆ ಯಾಕೆ?

ಆಲ್ಫಾ ಹೇಳುವುದು ಒಂದೇ ವಿಷಯ: ನಿಮ್ಮ ವಾಕ್ಯಗಳು ಒಂದಕ್ಕೊಂದು ಜೊತೆಯಾಗಿ ಏರಿಳಿಯುತ್ತವೆ ಅಂತ. ಅವು ಏನನ್ನು ಅಳೆಯುತ್ತಿವೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಎದುರು ಕೂತು ಕೇಳುತ್ತಿರುವ ಹುಡುಗಿಗೆ ಬೇಜಾರಾಗಬಾರದು ಅಂತ ಒಬ್ಬರು ಎಲ್ಲದಕ್ಕೂ ‘ಹೌದಮ್ಮಾ’ ಅಂದರು, ಇನ್ನೊಬ್ಬರು ಎಲ್ಲದಕ್ಕೂ ಅರ್ಧಂಬರ್ಧ ತಲೆ ಆಡಿಸಿದರು ಅನ್ನಿ. ವಾಕ್ಯಗಳೆಲ್ಲ ಒಂದೇ ದಿಕ್ಕಿನಲ್ಲಿದ್ದರೆ ಆಲ್ಫಾ ಚೆನ್ನಾಗಿಯೇ ಬರುತ್ತದೆ. ಅಳೆದದ್ದು ಮಾತ್ರ ಮನೆಗೆ ಬಂದವರ ಮೇಲಿನ ಮರ್ಯಾದೆ.

ವಿಶ್ವಾಸಾರ್ಹತೆ ಅಂದರೆ ಅಳತೆ ಒಂದೇ ಸಮ ಇರುವುದು. ಸಿಂಧುತ್ವ ಅಂದರೆ ಆ ಅಂಕಿಯಿಂದ ನೀವು ತೆಗೆಯುವ ಅರ್ಥಕ್ಕೆ ಆಧಾರ ಇರುವುದು. ಇನ್ನೊಂದು ಮಾತು. ಸಿಂಧುತ್ವ ಸ್ಕೇಲ್‌ಗೆ ಅಂಟಿಕೊಂಡ ಗುಣ ಅಲ್ಲ. ‘ಇದು ಸಿಂಧುವಾದ ಸ್ಕೇಲ್’ ಅಂತ ಪೇಪರಿನಲ್ಲಿ ಬರೆಯುವುದನ್ನು ದಯವಿಟ್ಟು ಬಿಡಿ. ಯಾರ ಮೇಲೆ, ಯಾವ ಭಾಷೆಯಲ್ಲಿ, ಯಾವ ತೀರ್ಮಾನಕ್ಕೆ ಅಂತ ಹೇಳಿದಾಗ ಮಾತ್ರ ಆ ಮಾತಿಗೆ ಅರ್ಥ.

ಇಷ್ಟೆಲ್ಲ ಯಾಕೆ, ದೇವಸ್ಥಾನಕ್ಕೆ ಎಷ್ಟು ಸಲ ಹೋಗ್ತೀರಿ ಅಂತ ಕೇಳಿದ್ರೆ ಮುಗೀತಲ್ವಾ?

ನೋಡುವುದಕ್ಕೆ ಸುಲಭ. ಆದರೆ ಇದು ಚರ್ಚ್ ಲೆಕ್ಕ. ಕ್ರೈಸ್ತರಲ್ಲಿ ಭಾನುವಾರದ ಆರಾಧನೆ ವಾರದ ನಿಯಮ, ಹಾಗಾಗಿ ವಾರಕ್ಕೆ ಎಷ್ಟು ಸಲ ಅನ್ನುವುದಕ್ಕೆ ಅರ್ಥ ಇದೆ. ಗೋವಾದ ಕ್ಯಾಥೊಲಿಕ್ ಮನೆಯಲ್ಲಿ ಈ ಪ್ರಶ್ನೆ ಚೆನ್ನಾಗಿ ಕೆಲಸ ಮಾಡುತ್ತದೆ. ಪಕ್ಕದ ಮನೆಯ ಮುಸ್ಲಿಂ ಹೆಂಗಸನ್ನು ಕೇಳಿ. ದಿನಕ್ಕೆ ಐದು ಹೊತ್ತು ಮನೆಯಲ್ಲೇ ನಮಾಜ್ ಮಾಡುವವರು, ಮಸೀದಿಗೆ ಹೋಗುವ ರೂಢಿ ಅವರಲ್ಲಿ ಇಲ್ಲದೆ ಇರಬಹುದು. ಉತ್ತರ ‘ಇಲ್ಲ’, ಅಂಕ 1.

ಮುಂಬೈಯ ಹೋಟೆಲಿನ ನಮ್ಮ ಅಣ್ಣಂದಿರನ್ನೇ ನೋಡಿ. ಬೆಳಗ್ಗೆ ಐದಕ್ಕೆ ಶಟರ್ ಎತ್ತುತ್ತಾರೆ. ಗಲ್ಲಾಪೆಟ್ಟಿಗೆಯ ಮೇಲಿನ ಪಟಕ್ಕೆ ಹೂವು, ಊದಿನಕಡ್ಡಿ. ಬೋಣಿಯ ನೋಟನ್ನು ಕಣ್ಣಿಗೆ ಒತ್ತಿಕೊಂಡೇ ಒಳಗೆ ಹಾಕುವುದು. ರಾತ್ರಿ ಹನ್ನೊಂದರವರೆಗೆ ಅಲ್ಲಿಂದ ಅಲ್ಲಾಡಲು ಆಗುವುದಿಲ್ಲ. ದೇವಸ್ಥಾನಕ್ಕೆ ಹೋಗುವುದು ಅಪರೂಪ. ಆದರೆ ವರ್ಷಕ್ಕೊಮ್ಮೆ ಊರಿನ ನಾಗನ ಪೂಜೆಗೆ, ಮನೆತನದ ಕೋಲಕ್ಕೆ ಏನೇ ಆದರೂ ಹೋಗುತ್ತಾರೆ. ಅದು ತಪ್ಪಿದರೆ ಇಡೀ ವರ್ಷ ಮನಸ್ಸಿಗೆ ಸಮಾಧಾನ ಇರುವುದಿಲ್ಲ. ಎಷ್ಟು ಸಲ ಅನ್ನುವ ಪಟ್ಟಿಯಲ್ಲಿ ‘ವರ್ಷಕ್ಕೊಮ್ಮೆ’ ಅಂದರೆ ಕೆಳಗಿನಿಂದ ಎರಡನೆಯ ಮನೆ.

ಚರ್ಚ್‌ಗೆ ಹೋಗುವವರಲ್ಲೂ ಈ ಪ್ರಶ್ನೆಗೆ ಇನ್ನೊಂದು ಕಾಯಿಲೆ ಇದೆ. 1993ರಲ್ಲಿ ಹ್ಯಾಡವೇ, ಮಾರ್ಲರ್, ಚೇವ್ಸ್ ಅನ್ನುವ ಅಮೆರಿಕದ ಸಂಶೋಧಕರು ಜನ ಹೇಳಿದ್ದನ್ನೂ ಚರ್ಚ್‌ನಲ್ಲಿ ತಲೆ ಎಣಿಸಿದ್ದನ್ನೂ ಹೋಲಿಸಿದರು. ನಿಜವಾಗಿ ಬಂದವರು, ಬರುತ್ತೇವೆ ಅಂದವರ ಸುಮಾರು ಅರ್ಧದಷ್ಟೇ. ಸುಳ್ಳು ಹೇಳಬೇಕು ಅಂತಲ್ಲ. ‘ಹೋಗುತ್ತೀರಾ’ ಅಂದಾಗ ತುಂಬ ಜನ ‘ನೀವು ಹೋಗುವಂಥವರಾ’ ಅಂತ ಕೇಳಿಸಿಕೊಳ್ಳುತ್ತಾರೆ.

## ಕನ್ನಡಕ್ಕೆ ತರುವಾಗ

ರಿಲಿಜನ್‌ಗೆ ‘ಧರ್ಮ’ ಅಂತ ಹಾಕಿದ್ದೀನಿ, ಹಿಮ್ಮುಖ ಅನುವಾದವೂ ಸರಿ ಬಂತು. ಮತ್ತೇನು ತೊಂದರೆ?

ಹಿಮ್ಮುಖ ಅನುವಾದ ಅಂದರೆ ಒಬ್ಬರು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡುವುದು, ಮೂಲ ನೋಡದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತರುವುದು, ಆಮೇಲೆ ಎರಡನ್ನೂ ಹೋಲಿಸುವುದು. 1970ರಲ್ಲಿ ಬ್ರಿಸ್ಲಿನ್ ಬರೆದ ಲೇಖನದಿಂದ ಇದು ಮನೆಮಾತಾಯಿತು. ದೊಡ್ಡ ತಪ್ಪುಗಳನ್ನು ಹಿಡಿಯುತ್ತದೆ. ‘ಧರ್ಮ’ದ ತೊಂದರೆಯನ್ನು ಹಿಡಿಯುವುದಿಲ್ಲ. ಯಾಕೆಂದರೆ ಇಂಗ್ಲಿಷ್ ಬಲ್ಲ ಯಾವ ಅನುವಾದಕರ ಕೈಗೆ ಕೊಟ್ಟರೂ ‘ಧರ್ಮ’ ವಾಪಸ್ ಬರುವುದು ರಿಲಿಜನ್ ಆಗಿಯೇ. ಇಬ್ಬರೂ ಒಂದೇ ಶಾಲೆಯ ನಿಘಂಟು ಓದಿದವರು ತಾನೇ.

ಮನೆಯಲ್ಲಿ ಆ ಪದ ಹೇಗೆ ಓಡಾಡುತ್ತದೆ ನೋಡಿ. ‘ದಾನ ಧರ್ಮ ಮಾಡಿದವರು’. ‘ಧರ್ಮಕ್ಕೆ ಸಿಕ್ಕಿದ್ದು’, ಅಂದರೆ ಪುಕ್ಕಟೆ. ‘ಇದು ನಿನ್ನ ಧರ್ಮವೇ?’ ಅಂದರೆ ನ್ಯಾಯವೇ ಅಂತ. ‘ಮಗನಾಗಿ ಅದು ನನ್ನ ಧರ್ಮ’, ಅಂದರೆ ಕರ್ತವ್ಯ. ಫಾರಂನಲ್ಲಿ ‘ಧರ್ಮ: ಹಿಂದೂ’ ಅಂದಾಗ ಮಾತ್ರ ರಿಲಿಜನ್. ಈಗ ‘ನನ್ನ ಬದುಕನ್ನೆಲ್ಲ ನನ್ನ ಧರ್ಮಕ್ಕೆ ತಕ್ಕಂತೆ ನಡೆಸಲು ತುಂಬ ಪ್ರಯತ್ನಿಸುತ್ತೇನೆ’ ಅನ್ನುವ ವಾಕ್ಯವನ್ನು ಓದಿ. ಪುಣೆಯಲ್ಲಿ ದೇವರನ್ನೇ ನಂಬದ ಒಬ್ಬ ಮೇಷ್ಟರು ಇದಕ್ಕೆ 5 ಹಾಕಿದರು. ಯಾಕೆ ಸರ್ ಅಂದರೆ, ‘ಅನ್ಯಾಯದ ದುಡ್ಡು ಮುಟ್ಟಿಲ್ಲಮ್ಮ ನಾನು’ ಅಂದರು. ಅವರ ಮಟ್ಟಿಗೆ ಅದು ಸರಿಯಾದ ಉತ್ತರ. ತಪ್ಪಿದ್ದು ನನ್ನ ವಾಕ್ಯ.

ಒಂದೇ ಪದ ಹುಡುಕುವುದನ್ನು ಬಿಟ್ಟು ವಾಕ್ಯ ನೋಡಿ ಪದ ಆರಿಸಿ ಅನ್ನುವುದು ನನ್ನ ಸಲಹೆ. ಎಲ್ಲಿ ನಂಬಿಕೆಯ ಮಾತೋ ಅಲ್ಲಿ ‘ದೇವರ ಮೇಲಿನ ನಂಬಿಕೆ’ ಅನ್ನಿ, ಎಲ್ಲಿ ಆಚರಣೆಯೋ ಅಲ್ಲಿ ‘ದೇವರ ಕೆಲಸ’, ‘ಪೂಜೆ ಪುನಸ್ಕಾರ’ ಅನ್ನಿ. ಮೂಲದಿಂದ ಸ್ವಲ್ಪ ದೂರ ಹೋಗುತ್ತೀರಿ, ನಿಜ. ಎಲ್ಲಿ, ಯಾಕೆ ಹೋದಿರಿ ಅಂತ ಪೇಪರಿನಲ್ಲಿ ವಾಕ್ಯವಾರು ಬರೆಯಿರಿ.

‘ಪ್ರಾರ್ಥನೆ’ ಅಂದ್ರೆ ಎಲ್ಲರಿಗೂ ಗೊತ್ತಾಗುತ್ತೆ ಅಲ್ವಾ?

ಗೊತ್ತಾಗುತ್ತದೆ, ಆದರೆ ಒಬ್ಬೊಬ್ಬರಿಗೆ ಒಂದೊಂದು. ಕನ್ನಡ ಮಾತಾಡುವ ಕ್ರೈಸ್ತರಿಗೆ ಅದು ದಿನದ ಪದ. ಮುಸ್ಲಿಮರಲ್ಲಿ ನಮಾಜ್ ಬೇರೆ, ದುವಾ ಬೇರೆ, ಯಾವುದರ ಬಗ್ಗೆ ಕೇಳಿದಿರಿ ಅಂತ ತಿರುಗಿ ಕೇಳುತ್ತಾರೆ. ಹಿಂದೂ ಮನೆಯ ಹಿರಿಯರಿಗೆ ‘ಪ್ರಾರ್ಥನೆ’ ಅಂದರೆ ಶಾಲೆಯಲ್ಲಿ ಸಾಲಾಗಿ ನಿಂತು ಹಾಡಿದ್ದು. ಅವರು ಮಾಡುವುದು ಪೂಜೆ, ಜಪ, ಕೈಮುಗಿಯುವುದು, ಬೇಡಿಕೊಳ್ಳುವುದು. ವಾಕ್ಯದಲ್ಲಿ ಎರಡು ಮೂರು ಪದ ಒಟ್ಟಿಗೆ ಕೊಡಿ.

ಜನರಿಗೆ ವಾಕ್ಯ ಹೇಗೆ ಅರ್ಥ ಆಯ್ತು ಅಂತ ತಿಳಿಯೋದು ಹೇಗೆ?

ಕೂತು ಕೇಳಬೇಕು, ಬೇರೆ ದಾರಿ ಇಲ್ಲ. ಇದಕ್ಕೆ ಕಾಗ್ನಿಟಿವ್ ಸಂದರ್ಶನ ಅನ್ನುತ್ತಾರೆ. ನೂರಾರು ಜನ ಬೇಡ, ಒಂದೊಂದು ಬಗೆಯವರಲ್ಲಿ ಎಂಟು ಹತ್ತು ಜನ ಸಾಕು. ಓದಿದವರು, ಓದದವರು, ಗಂಡಸರು, ಹೆಂಗಸರು, ಬೇರೆ ಬೇರೆ ನಂಬಿಕೆಯವರು ಬರಲಿ. ವಾಕ್ಯ ಓದಿ, ಅವರು 1ರಿಂದ 5ರೊಳಗೆ ಒಂದು ಹೇಳಿದ ಮೇಲೆ ಮೂರು ಪ್ರಶ್ನೆ ಕೇಳಿ. ಈ ವಾಕ್ಯವನ್ನು ನಿಮ್ಮ ಮಾತಿನಲ್ಲಿ ಹೇಳಿ. ಇದನ್ನು ಕೇಳಿದಾಗ ಏನು ನೆನಪಾಯಿತು? 3 ಅಂದಿರಲ್ಲ, 4 ಯಾಕೆ ಅಲ್ಲ?

ಮೂರನೆಯ ಪ್ರಶ್ನೆಯಲ್ಲೇ ಬಹಳ ಸಿಗುತ್ತದೆ. ‘ಏಕಾಂತದಲ್ಲಿ ಧ್ಯಾನ, ಪ್ರಾರ್ಥನೆಗೆ ಸಮಯ ಕೊಡುವುದು ನನಗೆ ಮುಖ್ಯ’ ಅನ್ನುವ ವಾಕ್ಯಕ್ಕೆ ವಾಸ್ಕೋದ ಒಬ್ಬ ಅಕ್ಕ 2 ಅಂದಳು. ಯಾಕಕ್ಕಾ ಅಂದರೆ ಸುತ್ತ ನೋಡಿದಳು. ಒಂದೇ ಖೋಲಿ, ಅದರಲ್ಲಿ ಐದು ಜನ, ಮೂಲೆಯಲ್ಲಿ ಗ್ಯಾಸು, ಅದರ ಮೇಲಿನ ಹಲಗೆಯ ಮೇಲೆ ದೇವರು. ‘ಏಕಾಂತ ಎಲ್ಲಿಂದ ತರ್ಲಿ? ಒಗ್ಗರಣಿ ಹಾಕ್ಕೋತನ ಯಲ್ಲವ್ವನ ನೆನಿತೀನಿ’ ಅಂದಳು. ನಾನು ಬರೆದದ್ದು ಪ್ರಾರ್ಥನೆಯ ಬಗ್ಗೆ, ಅಕ್ಕ ಉತ್ತರ ಕೊಟ್ಟದ್ದು ಮನೆಯ ಅಳತೆಯ ಬಗ್ಗೆ. ಇಂಥದ್ದು ಯಾವ ಸಾಫ್ಟ್‌ವೇರಿಗೂ ಕಾಣುವುದಿಲ್ಲ. ಅದು ಎರಡು ಅಂದರೆ ಎರಡು ಅಂತಲೇ ಕೂಡಿಸುತ್ತದೆ.

## ಅಂಕದ ಒಳಗೆ

ಒಂದು ಲೆಕ್ಕ ಬಿಡಿಸಿ ತೋರಿಸ್ತೀರಾ? ಮಾತಲ್ಲಿ ಹೇಳಿದ್ರೆ ತಲೆಗೆ ಹೋಗಲ್ಲ.

ತೋರಿಸುತ್ತೇನೆ. ಲೆಕ್ಕಕ್ಕಾಗಿ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬರು ಬಾಗಲಕೋಟೆ ಕಡೆಯಿಂದ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಬಂದ ಅಕ್ಕ. ಓದು ಬರಹ ಇಲ್ಲ. ಸವದತ್ತಿ ಯಲ್ಲಮ್ಮನ ಭಕ್ತೆ, ಭಾರತ ಹುಣ್ಣಿಮೆಗೆ ಗುಡ್ಡಕ್ಕೆ ಹೋಗದೆ ಇದ್ದ ವರ್ಷ ಇಲ್ಲ. ಇನ್ನೊಬ್ಬರು ಮುಂಬೈಯ ಮುಲುಂಡಿನಲ್ಲಿ ಇರುವ, ಬ್ಯಾಂಕಿನಿಂದ ನಿವೃತ್ತರಾದ ರಾಯರು. ಬೆಳಗ್ಗೆ ಒಂದು ಗಂಟೆ ಪೂಜೆ, ಮಧ್ಯಾಹ್ನ ಓದು. ಅಂತರ್ಮುಖಿ ಬಗೆಯ 8 ವಾಕ್ಯ ಇಬ್ಬರಿಗೂ ಕೊಡೋಣ.

‘ನನ್ನ ಧರ್ಮದ ಬಗ್ಗೆ ಓದುವುದು ನನಗೆ ಇಷ್ಟ.’ ಅಕ್ಕನಿಗೆ ಓದಲು ಬರುವುದಿಲ್ಲ, 1. ರಾಯರಿಗೆ 5. ‘ಒಳ್ಳೆಯವನಾಗಿದ್ದರೆ ಸಾಕು, ಏನು ನಂಬುತ್ತೇನೆ ಅನ್ನುವುದು ಅಷ್ಟು ಮುಖ್ಯವಲ್ಲ.’ ಇದು ತಿರುಗಿಸಿದ ವಾಕ್ಯ. ಅಕ್ಕ ಪೂರ್ತಿ ಒಪ್ಪಿದರು, 5, ತಿರುಗಿಸಿದರೆ 1. ರಾಯರು 2 ಅಂದರು, ತಿರುಗಿಸಿದರೆ 4. ಏಕಾಂತದ ಪ್ರಾರ್ಥನೆಗೆ ಅಕ್ಕ 2, ರಾಯರು 5. ‘ದೇವರು ಹತ್ತಿರವೇ ಇದ್ದಾನೆ ಅನ್ನುವುದು ಎಷ್ಟೋ ಸಲ ಬಲವಾಗಿ ಅನಿಸಿದೆ.’ ಅಕ್ಕ 5, ರಾಯರು ಯೋಚಿಸಿ 3. ಬದುಕನ್ನು ನಂಬಿಕೆಗೆ ತಕ್ಕಂತೆ ನಡೆಸುವ ವಾಕ್ಯಕ್ಕೆ ಅಕ್ಕ 5, ರಾಯರು 4. ‘ಧಾರ್ಮಿಕನಾದರೂ ದಿನದ ಬದುಕಿಗೆ ಅದು ತಟ್ಟಲು ಬಿಡುವುದಿಲ್ಲ’ ಅನ್ನುವುದು ಎರಡನೆಯ ತಿರುಗಿಸಿದ ವಾಕ್ಯ. ಇಬ್ಬರೂ 2 ಅಂದರು, ಇಬ್ಬರಿಗೂ 4. ಬದುಕಿನ ದಾರಿಯೆಲ್ಲ ಧರ್ಮದ ಮೇಲೆ ನಿಂತಿದೆ ಅನ್ನುವುದಕ್ಕೆ ಇಬ್ಬರೂ 4. ಕೊನೆಗೆ ಮೂರನೆಯ ತಿರುಗಿಸಿದ ವಾಕ್ಯ: ‘ಧರ್ಮವನ್ನು ನಂಬಿದರೂ ಬದುಕಿನಲ್ಲಿ ಅದಕ್ಕಿಂತ ಮುಖ್ಯವಾದದ್ದು ಎಷ್ಟೋ ಇದೆ.’ ಖೋಲಿ ಬಾಡಿಗೆ ಇದೆ, ಮಗಳ ಶಾಲೆ ಇದೆ, ಅಕ್ಕ 5 ಅಂದರು, ತಿರುಗಿಸಿದರೆ 1. ಪೆನ್ಷನ್ ಬರುವ ರಾಯರು 2 ಅಂದರು, 4.

ಕೂಡಿಸಿ. ಅಕ್ಕನಿಗೆ 1, 1, 2, 5, 5, 4, 4, 1, ಒಟ್ಟು 23. ರಾಯರಿಗೆ 5, 4, 5, 3, 4, 4, 4, 4, ಒಟ್ಟು 33. ಸ್ಕೇಲಿನ ಮಧ್ಯ 24. ಅಂದರೆ ಅಕ್ಕ ಮಧ್ಯಕ್ಕಿಂತ ಕೆಳಗೆ.

ಈಗ ನಾಲ್ಕು ವಾಕ್ಯ ಬೇರೆ ತೆಗೆಯಿರಿ: ಓದು, ಒಳ್ಳೆಯವನಾಗಿದ್ದರೆ ಸಾಕು, ಏಕಾಂತ, ಬೇರೆ ಮುಖ್ಯವಾದದ್ದು. ಇವುಗಳಲ್ಲಿ ಅಕ್ಕನಿಗೆ 5, ರಾಯರಿಗೆ 18. ಹದಿಮೂರರ ಅಂತರ. ಉಳಿದ ನಾಲ್ಕರಲ್ಲಿ ಅಕ್ಕನಿಗೆ 18, ರಾಯರಿಗೆ 15. ದೇವರ ಇರವು, ಬದುಕಿನ ನಡೆ ಇವನ್ನು ಕೇಳಿದಲ್ಲೆಲ್ಲ ಅಕ್ಕ ಸಮ ಅಥವಾ ಮುಂದೆ. ಅಕ್ಷರ, ಖೋಲಿ, ಬಾಡಿಗೆ ಒಳಗೆ ನುಗ್ಗಿದ ಕಡೆಯಲ್ಲಿ ಹಿಂದೆ. ಒಟ್ಟು ಅಂಕದಲ್ಲಿ ಹತ್ತರ ವ್ಯತ್ಯಾಸ ಬಂದದ್ದು ಹೀಗೆ. ಇದನ್ನು ಬಿಡಿಸದೆ ‘ಹೆಚ್ಚು ಓದಿದವರಲ್ಲಿ ಅಂತರ್ಮುಖಿ ಧಾರ್ಮಿಕತೆ ಜಾಸ್ತಿ’ ಅಂತ ಬರೆದರೆ ಪೇಪರು ಅಚ್ಚಾಗಬಹುದು. ಆದರೆ ಅದು ಅಕ್ಕನ ಬಗ್ಗೆ ಸುಳ್ಳು.

ನಮ್ಮ ಭಜನೆಗೆ ಜನ ಬರೋದೇ ಒಬ್ಬರನ್ನೊಬ್ಬರು ನೋಡೋಕೆ. ಅದನ್ನ ಸ್ಕೇಲ್ ಯಾಕೆ ಕೀಳು ಅನ್ನುತ್ತೆ?

ಸ್ಕೇಲ್ ಬಾಯಿಬಿಟ್ಟು ಕೀಳು ಅನ್ನುವುದಿಲ್ಲ. ಆದರೆ ಅದರ ಹಿಂದಿನ ವಿಚಾರದಲ್ಲಿ ಆ ತೂಕ ಇದೆ. ಆಲ್‌ಪೋರ್ಟ್‌ಗೆ ಪಕ್ವವಾದ ಧರ್ಮ ಅಂದರೆ ಒಬ್ಬನ ಒಳಗೆ ಇರುವ, ಉದ್ದೇಶವೇ ಆಗಿರುವ ನಂಬಿಕೆ. ಜನರಿಗಾಗಿ ಹೋಗುವುದು ಧರ್ಮವನ್ನು ಬಳಸಿಕೊಂಡ ಹಾಗೆ. 2005ರಲ್ಲಿ ಆಡಂ ಕೋಹೆನ್ ಮತ್ತು ಜೊತೆಗಾರರು ಇದನ್ನೇ ಎತ್ತಿ ಹೇಳಿದರು: ಈ ನೋಟ ಅಮೆರಿಕದ ಪ್ರೊಟೆಸ್ಟೆಂಟ್ ಸಂಪ್ರದಾಯದ್ದು, ಯಹೂದಿಗಳಂಥ ಎಷ್ಟೋ ಸಮುದಾಯಗಳಲ್ಲಿ ಕೂಡುವುದೇ ಧರ್ಮದ ಒಂದು ಭಾಗ ಅಂತ. ಓದಿದಾಗ ನನಗೆ ನಮ್ಮ ಭಜನಾ ಮಂಡಳಿಗಳೇ ಕಣ್ಣ ಮುಂದೆ ಬಂದವು.

ಮುಂಬೈಯಲ್ಲಿ ಶನಿವಾರದ ಭಜನೆ ಅಂದರೆ ತಾಳ, ಹಾರ್ಮೋನಿಯಂ, ಮಂಗಳಾರತಿ ಇಷ್ಟೇ ಅಲ್ಲ. ಯಾರ ಮಗಳಿಗೆ ಸಂಬಂಧ ಬಂತು, ಊರಿಗೆ ಯಾವಾಗ ಹೋಗುತ್ತೀರಿ, ಆಸ್ಪತ್ರೆಯಲ್ಲಿ ಇರುವ ಶೆಟ್ಟರಿಗೆ ಇವತ್ತು ಊಟ ಯಾರು ಒಯ್ಯುವುದು. ವಾರಕ್ಕೊಮ್ಮೆ ಬಾಯಿ ತುಂಬ ಸ್ವಂತ ಭಾಷೆ ಆಡುವ ಜಾಗ ಅದು. ‘ಪರಿಚಯದವರನ್ನು ನೋಡುವ ಖುಷಿಗೇ ಮುಖ್ಯವಾಗಿ ಹೋಗುತ್ತೇನೆ’ ಅನ್ನುವ ವಾಕ್ಯಕ್ಕೆ ಅಲ್ಲಿ ಒಬ್ಬ ಹಿರಿಯರು 5 ಅಂದು, ‘ದೇವರು ಮನೆಯಲ್ಲೂ ಇದ್ದಾನೆ, ಜನ ಇಲ್ಲಿ ಇದ್ದಾರೆ’ ಅಂದರು. ಅದೇ ಮನುಷ್ಯ ಅಂತರ್ಮುಖಿ ವಾಕ್ಯಗಳಿಗೂ 5 ಹಾಕಿದ್ದರು.

ಡೇಟಾದಲ್ಲಿ ಇದನ್ನು ಹೀಗೆ ಗುರುತಿಸಬಹುದು. ಗೆಳೆತನದ ಮೂರು ವಾಕ್ಯಗಳ ಅಂಕವನ್ನೂ ಅಂತರ್ಮುಖಿ ಅಂಕವನ್ನೂ ಜೋಡಿಸಿ ಕೊರಿಲೇಶನ್ ನೋಡಿ. ಸಿದ್ಧಾಂತದ ಪ್ರಕಾರ ಸೊನ್ನೆಯ ಹತ್ತಿರ ಅಥವಾ ಕೆಳಗೆ ಇರಬೇಕು. ನಿಮ್ಮಲ್ಲಿ ಅದು ಗಟ್ಟಿಯಾಗಿ ಮೇಲೆ ಬಂದರೆ, ನಿಮ್ಮ ಜನರಲ್ಲಿ ಆ ಎರಡು ಬಗೆ ಬೇರೆ ಬೇರೆಯಾಗಿಲ್ಲ ಅಂತ ಅರ್ಥ. ‘ಬಹಿರ್ಮುಖಿ’ ಅಂತ ಹೆಸರಿಟ್ಟು ಅವರನ್ನು ಅಪಕ್ವ ಗುಂಪಿಗೆ ಹಾಕಬೇಡಿ.

ಆ ತಿರುಗಿಸಿದ ಮೂರು ವಾಕ್ಯ ತೆಗೆದರೆ ಆಲ್ಫಾ ಮೇಲೆ ಹೋಗುತ್ತೆ. ತೆಗೀಲಾ?

ತೆಗೆಯುವ ಮೊದಲು ಅವು ಯಾಕೆ ಕೆಟ್ಟಿವೆ ಅಂತ ನೋಡಿ. ಎರಡು ಬೇರೆ ಕಾರಣ ಇರಬಹುದು.

ಒಂದು, ಜನ ಎಲ್ಲದಕ್ಕೂ ಹೌದು ಅನ್ನುತ್ತಿದ್ದಾರೆ. ಆಗ ಮೂರೂ ಒಟ್ಟಿಗೆ ಕೆಡುತ್ತವೆ. ನೇರ ವಾಕ್ಯಕ್ಕೆ 5 ಹಾಕಿದವರೇ ಅದರ ವಿರುದ್ಧದ ವಾಕ್ಯಕ್ಕೂ 5 ಹಾಕಿರುತ್ತಾರೆ. ಹೀಗಾದರೆ ಆ ವಾಕ್ಯಗಳೇ ನಿಮ್ಮ ಕಾವಲುಗಾರರು. ಅವನ್ನು ತೆಗೆದರೆ ಆಲ್ಫಾ ಏರುವುದು ನಿಜ, ಆದರೆ ಹೌದು ಅನ್ನುವ ಅಭ್ಯಾಸ ಹಾಗೇ ಒಳಗೆ ಉಳಿದು, ಅದನ್ನು ಹಿಡಿಯುವವರು ಮಾತ್ರ ಇಲ್ಲದಂತಾಗುತ್ತದೆ.

ಎರಡು, ವಾಕ್ಯದ ಅರ್ಥವೇ ಇಲ್ಲಿ ತಿರುಗಿದೆ. ಆಗ ಒಂದೋ ಎರಡೋ ಮಾತ್ರ ಕೆಡುತ್ತವೆ. ‘ಒಳ್ಳೆಯವನಾಗಿದ್ದರೆ ಸಾಕು’ ಅನ್ನುವುದು ಹಾಗೆ. ನಂಬಿಕೆಯಿಂದಲೇ ಮುಕ್ತಿ ಅನ್ನುವ ಪ್ರೊಟೆಸ್ಟೆಂಟರಿಗೆ ಈ ವಾಕ್ಯ ಅಂದರೆ ಧರ್ಮವನ್ನು ಹಗುರ ಮಾಡಿದಂತೆ. ಕಾಯಕವೇ ಕೈಲಾಸ ಅಂತ ಕೇಳಿ ಬೆಳೆದವರಿಗೆ ಒಳ್ಳೆಯವರಾಗಿರುವುದೇ ಧರ್ಮ. ಒಪ್ಪಿದಷ್ಟೂ ಅವರು ಧಾರ್ಮಿಕರು. ಸ್ಕೇಲ್ ಮಾತ್ರ 1 ಕೊಡುತ್ತದೆ. ಇಂಥ ವಾಕ್ಯವನ್ನು ಕಾರಣ ಬರೆದು ಬೇರೆ ಇಡುವುದು ಸರಿ.

## ಗುಂಪುಗಳನ್ನು ಹೋಲಿಸುವವರಿಗೆ

ಅಳತೆಯ ಸಮಾನತೆ ಪರೀಕ್ಷೆ ಮಾಡಿ ಅಂತ ವಿಮರ್ಶಕರು ಬರೆದಿದ್ದಾರೆ. ಹಾಗಂದ್ರೆ ಏನು, ಹೇಗೆ ಮಾಡೋದು?

ಎರಡು ತೂಕದ ಯಂತ್ರ ಇವೆ ಅಂದುಕೊಳ್ಳಿ. ಮೊದಲು ಕೇಳಬೇಕಾದದ್ದು, ಎರಡೂ ತೂಕವನ್ನೇ ಅಳೆಯುತ್ತವೆಯೇ? ಅಂದರೆ ಎರಡೂ ಗುಂಪಿನಲ್ಲಿ ಅದೇ ವಾಕ್ಯಗಳು ಅದೇ ಗುಂಪಾಗಿ ಸೇರುತ್ತವೆಯೇ? ಇದು ಮೊದಲ ಮೆಟ್ಟಿಲು. ಎರಡನೆಯದು, ಒಂದು ಕಿಲೋ ಹೆಚ್ಚು ಹಾಕಿದರೆ ಎರಡರಲ್ಲೂ ಮುಳ್ಳು ಅಷ್ಟೇ ಸರಿಯುತ್ತದೆಯೇ? ಇದು ಲೋಡಿಂಗ್‌ಗಳ ಸಮಾನತೆ. ಮೂರನೆಯದು, ಏನೂ ಇಡದಾಗ ಎರಡರ ಮುಳ್ಳೂ ಒಂದೇ ಕಡೆ ಇದೆಯೇ? ಇದು ಇಂಟರ್ಸೆಪ್ಟ್‌ಗಳ ಸಮಾನತೆ. ಓದುವ ವಾಕ್ಯ ಕೆಡುವುದು ಮುಖ್ಯವಾಗಿ ಇಲ್ಲಿ. ಭಕ್ತಿ ಒಂದೇ ಇದ್ದರೂ ಅಕ್ಷರ ಬಾರದವರ ಗುಂಪಿನಲ್ಲಿ ಮುಳ್ಳು ಕೆಳಗಿನಿಂದಲೇ ಶುರುವಾಗುತ್ತದೆ.

ಆರ್‌ನಲ್ಲಿ ಲವಾನ್ ಪ್ಯಾಕೇಜ್ ಇದ್ದರೆ ಮೂರು ಸಾಲಿನ ಕೆಲಸ. ತಿರುಗಿಸಿದ ವಾಕ್ಯಗಳನ್ನು ಮೊದಲೇ ತಿರುಗಿಸಿ ಇಟ್ಟುಕೊಳ್ಳಿ. ಕೆಳಗೆ `I` ಅಂದರೆ ಅಂತರ್ಮುಖಿ 8 ವಾಕ್ಯ, `Ep` ನೆಮ್ಮದಿಯ ಮೂರು, `Es` ಗೆಳೆತನದ ಮೂರು, `d` ನಿಮ್ಮ ಡೇಟಾ, `gumpu` ಯಾರು ಯಾವ ಗುಂಪು ಅಂತ ಬರೆದ ಕಾಲಂ.

```
library(lavaan)
model <- '
  I  =~ i1 + i2 + i3 + i4 + i5 + i6 + i7 + i8
  Ep =~ p1 + p2 + p3
  Es =~ s1 + s2 + s3 '
f1 <- cfa(model, d, group = "gumpu", estimator = "MLR")
f2 <- cfa(model, d, group = "gumpu", estimator = "MLR",
          group.equal = "loadings")
f3 <- cfa(model, d, group = "gumpu", estimator = "MLR",
          group.equal = c("loadings", "intercepts"))
```

ಮೊದಲು `f1` ತಾನಾಗಿ ಚೆನ್ನಾಗಿ ಹೊಂದಬೇಕು. ಆಮೇಲೆ `f1`ನಿಂದ `f2`ಗೆ, `f2`ನಿಂದ `f3`ಗೆ ಹೋಗುವಾಗ, ಮಾದರಿ ಡೇಟಾಕ್ಕೆ ಎಷ್ಟು ಹೊಂದಿತು ಅಂತ ಹೇಳುವ ಸಿಎಫ್‌ಐ ಎಷ್ಟು ಇಳಿಯಿತು ನೋಡಿ. 0.01ಕ್ಕಿಂತ ಜಾಸ್ತಿ ಇಳಿದರೆ ಆ ಮೆಟ್ಟಿಲು ನಿಲ್ಲಲಿಲ್ಲ ಅಂತ ಸಾಮಾನ್ಯ ಲೆಕ್ಕ, 2002ರಲ್ಲಿ ಚುಂಗ್ ಮತ್ತು ರೆನ್ಸ್‌ವೋಲ್ಡ್ ಕೊಟ್ಟದ್ದು. ಯಾವ ವಾಕ್ಯ ಕೆಡಿಸಿತು ಅಂತ `lavTestScore(f3)` ತೋರಿಸುತ್ತದೆ.

ಎರಡನೆಯ ಮೆಟ್ಟಿಲು ನಿಂತರೆ, ಧಾರ್ಮಿಕತೆಗೂ ನೆಮ್ಮದಿಗೂ ಇರುವ ಸಂಬಂಧವನ್ನು ಗುಂಪುಗಳ ನಡುವೆ ಹೋಲಿಸಬಹುದು. ಸರಾಸರಿ ಹೋಲಿಸಬೇಕಾದರೆ ಮೂರನೆಯದೂ ಬೇಕು. ಒಂದೆರಡು ವಾಕ್ಯ ಮಾತ್ರ ಕೆಟ್ಟಿದ್ದರೆ ಅವನ್ನು ಸಡಿಲ ಬಿಟ್ಟು, ಉಳಿದವನ್ನು ಕಟ್ಟಿ ಮುಂದುವರಿಯುವ ಪದ್ಧತಿ ಇದೆ. 8ರಲ್ಲಿ 5 ಸಡಿಲ ಬಿಡಬೇಕಾಗಿ ಬಂದರೆ ಹೋಲಿಕೆಯ ಆಸೆ ಬಿಡಿ. ಗುಂಪಿಗೆ 60 ಜನ ಇಟ್ಟುಕೊಂಡು ಇದನ್ನು ಮಾಡಲೂ ಹೋಗಬೇಡಿ. ಗುಂಪಿಗೆ 200ರ ಹತ್ತಿರವಾದರೂ ಇರಲಿ.

ಒಂದು ಎಚ್ಚರಿಕೆ. ಒಂದು ವಾಕ್ಯ ಎರಡೂ ಗುಂಪಿನಲ್ಲಿ ಒಂದೇ ರೀತಿ ತಪ್ಪಾಗಿ ಅರ್ಥವಾದರೆ ಈ ಪರೀಕ್ಷೆ ಸಲೀಸಾಗಿ ಪಾಸಾಗುತ್ತದೆ. ‘ಧರ್ಮ’ವನ್ನು ಮುಂಬೈಯವರೂ ಪುಣೆಯವರೂ ಕರ್ತವ್ಯ ಅಂತ ತಿಳಿದರೆ ಸಮಾನತೆ ಇದೆ, ಧಾರ್ಮಿಕತೆಯ ಅಳತೆ ಇಲ್ಲ. ಹಾಗಾಗಿ ಕೂತು ಕೇಳಿದ ಸಂದರ್ಶನ ಮೊದಲು, ಇದು ಆಮೇಲೆ.

ನಮ್ಮ ಕಡೆ ಎಲ್ಲರಿಗೂ ಮರಾಠಿಯೋ ಇಂಗ್ಲಿಷೋ ಬರುತ್ತೆ. ಅದರಿಂದ ಏನಾದ್ರೂ ಉಪಯೋಗ ಇದೆಯಾ?

ತುಂಬ ಇದೆ. ಎರಡು ಭಾಷೆ ಚೆನ್ನಾಗಿ ಬರುವ ಒಬ್ಬರಿಗೇ ಎರಡೂ ಭಾಷೆಯ ಸ್ಕೇಲ್ ಕೊಡಿ, ನಡುವೆ ಎರಡು ಮೂರು ವಾರ ಬಿಟ್ಟು. ಅರ್ಧ ಜನರಿಗೆ ಕನ್ನಡ ಮೊದಲು, ಅರ್ಧ ಜನರಿಗೆ ಇನ್ನೊಂದು ಮೊದಲು. ಮನುಷ್ಯ ಅವನೇ, ಹಾಗಾಗಿ ಒಂದು ವಾಕ್ಯದಲ್ಲಿ ಮಾತ್ರ ಅಂಕ ಒಂದೇ ದಿಕ್ಕಿಗೆ ಜರುಗುತ್ತಿದ್ದರೆ ಅನುಮಾನ ವಾಕ್ಯದ ಮೇಲೆ. ಆದರೆ ಗಣೇಶೋತ್ಸವದ ಹತ್ತು ದಿನ, ಆಷಾಢ ಏಕಾದಶಿಗೆ ಪಂಢರಪುರಕ್ಕೆ ಹೋಗುವ ಪಾಲಖಿ ಪುಣೆಗೆ ಬರುವ ದಿನಗಳು ಒಂದು ಸುತ್ತಿಗೆ ಸಿಕ್ಕಿ ಇನ್ನೊಂದಕ್ಕೆ ಸಿಗದಂತೆ ಆಗಬಾರದು. ಎರಡು ಭಾಷೆ ಓದಬಲ್ಲವರಿಂದ ಕಲಿತದ್ದು ವಾಸ್ಕೋದ ಅಕ್ಕನಿಗೆ ಹೊಂದುತ್ತದೆ ಅಂತ ಹೇಳಲೂ ಆಗುವುದಿಲ್ಲ.

ಹಾಗಾದ್ರೆ ನಮ್ಮದೇ ಸ್ಕೇಲ್ ಮಾಡಿಕೊಳ್ಳಬಾರದಾ?

ಮಾಡಬಹುದು, ಮಾಡಿದವರಿದ್ದಾರೆ. 2003ರಲ್ಲಿ ತಾರಕೇಶ್ವರ್, ಪಾರ್ಗಮೆಂಟ್, ಮಹೋನಿ ಹಿಂದೂಗಳಿಗಾಗಿ ಭಕ್ತಿ, ಸತ್ಕರ್ಮ, ಜ್ಞಾನ, ಯೋಗ ಅನ್ನುವ ದಾರಿಗಳ ಮೇಲೆ ಅಳತೆ ಮಾಡಿದರು. ಒಳ್ಳೆಯ ನಡೆ ಅಲ್ಲಿ ಅಂಕ ಕಳೆಯುವುದಿಲ್ಲ, ಅಂಕ ತರುತ್ತದೆ. ಆದರೆ ಅದನ್ನು ಮಾಡಿದ್ದು ಅಮೆರಿಕದಲ್ಲಿ ನೆಲೆಸಿದ ಹಿಂದೂಗಳ ಮೇಲೆ, ಅದನ್ನೂ ಇಲ್ಲಿ ಪರೀಕ್ಷಿಸಿಯೇ ಬಳಸಬೇಕು. ಸ್ವಂತ ಸ್ಕೇಲಿನಿಂದ ಕಳೆದುಕೊಳ್ಳುವುದು ಹೋಲಿಕೆ. ಗೋವಾದ ಹಿಂದೂ, ಕ್ರೈಸ್ತ, ಮುಸ್ಲಿಂ ಮೂವರನ್ನೂ ಒಟ್ಟಿಗೆ ನೋಡಬೇಕಾದರೆ ಅದು ಆಗುವುದಿಲ್ಲ.

ನಡುವಿನ ದಾರಿ ಶ್ಟೆಫಾನ್ ಹೂಬರ್ ಅವರದ್ದು. ಬದುಕಿನಲ್ಲಿ ಧರ್ಮ ಎಷ್ಟು ನಡುವೆ ಇದೆ ಅಂತ ಅಳೆಯುವ ಸ್ಕೇಲ್ ಅದು, ಯಾಕೆ ಹೋಗುತ್ತೀರಿ ಅಂತ ತೂಗುವುದಿಲ್ಲ. ಬೇರೆ ಬೇರೆ ಧರ್ಮದವರಿಗಾಗಿ ಮಾಡಿದ ಅದರ ರೂಪಗಳಲ್ಲಿ ಪ್ರಾರ್ಥನೆಯನ್ನೂ ಧ್ಯಾನವನ್ನೂ ಬೇರೆ ಬೇರೆ ಕೇಳಿ, ಎರಡರಲ್ಲಿ ಯಾವುದಕ್ಕೆ ಹೆಚ್ಚು ಅಂಕ ಬಂತೋ ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಈ ಉಪಾಯ ನನಗೆ ಬಹಳ ಹಿಡಿಸಿತು. ಒಬ್ಬರು ತಮ್ಮದಲ್ಲದ ದಾರಿಯಲ್ಲಿ ಹೋಗಲಿಲ್ಲ ಅಂತ ಅಂಕ ಹೋಗುವುದಿಲ್ಲ. ಜನರನ್ನು ಕೂಡುವುದಕ್ಕೆ, ಹರಕೆಗೆ, ವರ್ಷಕ್ಕೊಮ್ಮೆಯ ದೈವದ ಕೆಲಸಕ್ಕೆ ಅಲ್ಲೂ ಜಾಗ ಕಡಿಮೆ. ಅವನ್ನು ನಾಲ್ಕೈದು ಪ್ರಶ್ನೆಯಾಗಿ ಪಕ್ಕದಲ್ಲಿ ಸೇರಿಸಿ, ಆದರೆ ಮೂಲದ ಅಂಕಕ್ಕೆ ಬೆರೆಸಬೇಡಿ.

ಅಕ್ಕಾ, ಡೇಟಾ ಆಗ್ಲೇ ಸೇರಿಸಿ ಆಗಿದೆ, ಮುಂದಿನ ತಿಂಗಳು ಸಬ್ಮಿಷನ್. ಈಗ ಏನು ಮಾಡ್ಲಿ?

ಗಾಬರಿ ಬೇಡ, ಆಗುವಷ್ಟು ಕೆಲಸ ಇದೆ. ಮೊದಲು ಒಟ್ಟು ಅಂಕ ಮುಚ್ಚಿಟ್ಟು 14 ವಾಕ್ಯಗಳ ಉತ್ತರವನ್ನು ಒಂದೊಂದಾಗಿ ಹರವಿ. ಯಾವುದಕ್ಕೆ ಹೆಚ್ಚುಕಡಿಮೆ ಎಲ್ಲರೂ 5, ಯಾವುದಕ್ಕೆ ಒಂದು ಗುಂಪು ಪೂರ್ತಿ 1, ಯಾವ ವಾಕ್ಯ ಉಳಿದವುಗಳ ವಿರುದ್ಧ ಹೋಗುತ್ತಿದೆ ಅಂತ ಕಾಣುತ್ತದೆ. ಓದಿನ ಮಟ್ಟ ಬರೆದುಕೊಂಡಿದ್ದರೆ ಅದರ ಪ್ರಕಾರ ಬೇರೆ ಮಾಡಿ ನೋಡಿ. ಆಮೇಲೆ ಉತ್ತರ ಕೊಟ್ಟವರಲ್ಲೇ ಎಂಟು ಜನರ ಹತ್ತಿರ ಮತ್ತೆ ಹೋಗಿ, ಕೆಟ್ಟಿರುವ ನಾಲ್ಕೈದು ವಾಕ್ಯಗಳ ಬಗ್ಗೆ ಮಾತ್ರ ಕೇಳಿ. ಎರಡು ಶನಿವಾರ, ಭಾನುವಾರ ಸಾಕು.

ಪೇಪರಿನಲ್ಲಿ ಗುಂಪುಗಳ ಸರಾಸರಿಯ ಹೋಲಿಕೆ ತೆಗೆದುಹಾಕಿ. ಒಂದು ಗುಂಪಿನ ಒಳಗಿನ ಸಂಬಂಧವನ್ನು ಇಟ್ಟುಕೊಳ್ಳಿ, 8 ವಾಕ್ಯದಿಂದ ಒಮ್ಮೆ, ಕೆಟ್ಟವನ್ನು ಬಿಟ್ಟು ಒಮ್ಮೆ ಲೆಕ್ಕ ಹಾಕಿ ಎರಡನ್ನೂ ಪಕ್ಕಪಕ್ಕ ಕೊಡಿ. ನಾನೇ ಒಮ್ಮೆ ‘ಚರ್ಚ್’ ಇದ್ದಲ್ಲೆಲ್ಲ ‘ದೇವಸ್ಥಾನ’ ಅಂತ ಬದಲಿಸಿ ಮುಗಿಯಿತು ಅಂದುಕೊಂಡಿದ್ದೆ. ಡೇಟಾ ಬಂದ ಮೇಲೆ ಹೀಗೇ ಕೂತು ವಾಕ್ಯವಾರು ಬಿಡಿಸಬೇಕಾಯಿತು. ಅನುವಾದ ಮಾಡಿದ ಕನ್ನಡ ವಾಕ್ಯಗಳನ್ನು ಪೂರ್ತಿಯಾಗಿ ಅನುಬಂಧದಲ್ಲಿ ಹಾಕಿ, ಬರೀ ‘ಕನ್ನಡಕ್ಕೆ ಅನುವಾದಿಸಲಾಯಿತು’ ಅಂತ ಬಿಡಬೇಡಿ. ಮುಂದಿನ ವರ್ಷ ಇದೇ ಸ್ಕೇಲ್ ಹಿಡಿದು ವಾಸ್ಕೋಗೆ ಹೋಗುವ ಹುಡುಗಿಗೆ ನಿಮ್ಮ ಸರಾಸರಿಗಿಂತ ಆ ಪುಟ ಜಾಸ್ತಿ ಬೇಕಾಗುತ್ತದೆ.